ಶಿವಮೊಗ್ಗದ ಅಂಗಡಿ ಅಕ್ಕಿಯಲ್ಲಿ ಕುಂದಾಪುರದ ನೀರುದೋಸೆ: ನನ್ನ ಅನುಭವ

ಶಿವಮೊಗ್ಗದಲ್ಲಿ ನೀರುದೋಸೆ ಕಾವಲಿಯಿಂದ ಏಳುವುದಿಲ್ಲ ಎಂದು ಘಟ್ಟ ಹತ್ತಿ ಬಂದ ನಮ್ಮ ಕಡೆಯವರು ಬಹಳ ಜನ ಹೇಳುತ್ತಾರೆ. ಕೆಲವರು ನೀರನ್ನು ದೂರುತ್ತಾರೆ, ಕೆಲವರು ಚಳಿಯನ್ನು. ಮೆಸ್ಸು ನಡೆಸುವ ಇಬ್ಬರು ಪರಿಚಯದವರು ಇವತ್ತಿಗೂ ಕುಂದಾಪುರದಿಂದ ಬೆಳ್ತಿಗೆ ಅಕ್ಕಿ ತರಿಸುತ್ತಾರೆ. ಲಾರಿ ಬಾಡಿಗೆ, ಇಳಿಸುವ ಕೂಲಿ ಸೇರಿದರೆ ಕೆಜಿಗೆ ಎಂಟು ಹತ್ತು ರೂಪಾಯಿ ಹೆಚ್ಚು ಬೀಳುತ್ತದೆ. ಇಲ್ಲಿನ ಅಕ್ಕಿಯಲ್ಲೇ ಮಾಡುತ್ತೇನೆ ಎಂದಾಗ ಅವರಿಬ್ಬರೂ ಆಗುವ ಮಾತಲ್ಲ ಎಂದಿದ್ದರು. ಈಗ ನಮ್ಮ ಅಡುಗೆಮನೆಯ ದೋಸೆ ತಿಂದ ಕುಂದಾಪುರದ ಹಿರಿಯರು ಅಕ್ಕಿ ಊರಿನದೇ ಎಂದು ತಿಳಿಯುತ್ತಾರೆ.

ನೀರಿನ ದೂರನ್ನು ಮೊದಲೇ ಬದಿಗಿಡೋಣ. ಗಂಗಾ ಸ್ನಾನ, ತುಂಗಾ ಪಾನ ಎನ್ನುವ ಊರಿನಲ್ಲಿ ನೀರಿಗೆ ದೋಷ ಹೊರಿಸುವುದು ನ್ಯಾಯವಲ್ಲ. ಎತ್ತರದ ಲೆಕ್ಕವೂ ಇಲ್ಲಿ ಬರುವುದಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ನೀರು ಎರಡು ಡಿಗ್ರಿ ಮೊದಲು ಕುದಿಯುತ್ತದೆ ಅಷ್ಟೆ. ಕಾದ ಕಬ್ಬಿಣದ ಮೇಲೆ ಅದು ಗೊತ್ತಾಗುವುದೇ ಇಲ್ಲ. ದೋಷ ಇರುವುದು ಅಕ್ಕಿ ಕೊಳ್ಳುವ ರೀತಿಯಲ್ಲಿ.

ಕರಾವಳಿಯಲ್ಲಿ ಅಂಗಡಿಗೆ ಹೋದರೆ ಎರಡೇ ಪ್ರಶ್ನೆ: ಕುಚ್ಚಲಕ್ಕಿಯೋ ಬೆಳ್ತಿಗೆಯೋ? ಗಂಜಿಗೆ ಒಂದು, ದೋಸೆಗೆ ಇನ್ನೊಂದು, ಗೊಂದಲವಿಲ್ಲ. ಇಲ್ಲಿ ಬಿಳಿ ಅಕ್ಕಿಯಲ್ಲೇ ಎರಡು ಜಾತಿ ಇವೆ. ಒಂದು ಭತ್ತವನ್ನು ಹಾಗೆಯೇ ಮಿಲ್ ಮಾಡಿದ್ದು, ಅಂಗಡಿಯವರು ರಾ ರೈಸ್ ಎನ್ನುವುದು ಇದನ್ನೇ. ಇನ್ನೊಂದು ಭತ್ತಕ್ಕೆ ಸ್ವಲ್ಪ ಹಬೆ ಕೊಟ್ಟು ಮಿಲ್ ಮಾಡಿದ ಸ್ಟೀಮ್ ಅಕ್ಕಿ. ಅನ್ನ ಉದುರುದುರಾಗುತ್ತದೆ ಎಂದು ಬಯಲುಸೀಮೆಯ ಮನೆಗಳಲ್ಲಿ ಸ್ಟೀಮ್ ಅಕ್ಕಿಯೇ ಹೆಚ್ಚು ಓಡುತ್ತದೆ, ಸೋನಾ ಮಸೂರಿ ಕೊಡಿ ಎಂದರೆ ಬಹಳ ಕಡೆ ಅದೇ ಚೀಲ ಬಿಚ್ಚುತ್ತಾರೆ. ಹಬೆ ಕಂಡ ಅಕ್ಕಿಯ ಹಿಟ್ಟು ಅರ್ಧ ಬೆಂದಂತೆಯೇ. ಎಷ್ಟು ರುಬ್ಬಿದರೂ ಅಂಟಂಟಾಗಿ ಉಳಿಯುತ್ತದೆ, ದೋಸೆ ರಬ್ಬರಿನಂತೆ ಎಳೆಯುತ್ತದೆ, ಕಣ್ಣು ಬೀಳುವುದಿಲ್ಲ.

ಗುರುತಿಸುವುದು ಸುಲಭ. ರಾ ಅಕ್ಕಿ ಸುಣ್ಣದಂತೆ ಮಂಕು ಬಿಳಿ, ಸ್ಟೀಮ್ ಅಕ್ಕಿಗೆ ತೆಳು ಹಳದಿ ಛಾಯೆ, ಸ್ವಲ್ಪ ಗಾಜಿನ ಹೊಳಪು. ಕಣ್ಣಿಗೆ ನಂಬಿಕೆ ಬಾರದಿದ್ದರೆ ಒಂದು ಹಿಡಿ ತಂದು ಒಂದು ಗಂಟೆ ನೆನೆಸಿ, ಒಂದು ಕಾಳನ್ನು ಎರಡು ಉಗುರುಗಳ ನಡುವೆ ಒತ್ತಿ ನೋಡಿ. ಪುಡಿಯಾದರೆ ರಾ. ಬಾಗಿ, ಚಪ್ಪಟೆಯಾಗಿ ಉಳಿದರೆ ಸ್ಟೀಮ್. ಈ ಪರೀಕ್ಷೆ ಮಾಡದೆ ಇಪ್ಪತ್ತೈದು ಕೆಜಿ ಚೀಲ ಮನೆಗೆ ತಂದರೆ ಸಾವಿರದ ಮುನ್ನೂರು, ಸಾವಿರದ ನಾನೂರು ರೂಪಾಯಿ ಅನ್ನಕ್ಕೆ ಹೋಯಿತೆಂದು ತಿಳಿಯಿರಿ.

ಎರಡನೆಯದು ಅಕ್ಕಿಯ ವಯಸ್ಸು. ಇಲ್ಲಿ ಮುಂಗಾರಿನ ಭತ್ತ ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲಾಗುತ್ತದೆ. ಜನವರಿಯಿಂದ ಹೊಸ ಅಕ್ಕಿ ಅಂಗಡಿಗೆ ಬರುತ್ತದೆ, ಚಳಿಯೂ ಅದೇ ಹೊತ್ತಿಗೆ ಇರುತ್ತದೆ. ಡಿಸೆಂಬರಿನವರೆಗೆ ಚೆನ್ನಾಗಿ ಏಳುತ್ತಿದ್ದ ದೋಸೆ ಆಗ ಕಾವಲಿಗೆ ಕಚ್ಚತೊಡಗಿದರೆ ಎಲ್ಲರೂ ಚಳಿ ಎನ್ನುತ್ತಾರೆ. ನೀರುದೋಸೆ ಹಿಟ್ಟು ಹುಳಿ ಬರುವ ಹಿಟ್ಟೇ ಅಲ್ಲ, ಚಳಿ ಅದಕ್ಕೆ ಏನು ಮಾಡೀತು? ಕಚ್ಚಿಸುವುದು ಹೊಸ ಅಕ್ಕಿಯ ಅಂಟು. ಕನಿಷ್ಠ ಒಂದು ವರ್ಷ ಹಳೆಯ ಅಕ್ಕಿ ಕೇಳಿ. ಹೊಸದೇ ಸಿಕ್ಕಿದರೆ ಎರಡು ಗಂಟೆಗಿಂತ ಹೆಚ್ಚು ನೆನೆಸಬೇಡಿ, ಮೂರರಲ್ಲಿ ಒಂದು ಪಾಲಾದರೂ ಹಳೆಯ ಅಕ್ಕಿ ಬೆರೆಸಿ.

ನಾನು ಬಳಸುವುದು ಎರಡು ಪಾಲು ಹಳೆಯ ದೋಸೆ ಅಕ್ಕಿ, ಅಂದರೆ ದಪ್ಪ ರಾ ಅಕ್ಕಿ, ಒಂದು ಪಾಲು ಹಳೆಯ ರಾ ಸೋನಾ ಮಸೂರಿ. ಬರೀ ದೋಸೆ ಅಕ್ಕಿಯಲ್ಲಿ ದೋಸೆ ತಣ್ಣಗಾದ ಮೇಲೆ ಬಿರಿಯುತ್ತದೆ, ಬರೀ ಸೋನಾದಲ್ಲಿ ತೀರ ಮೆತ್ತಗಾಗಿ ಮಡಚುವಾಗ ಹರಿಯುತ್ತದೆ. ಒಂದು ಕೆಜಿಯ ಲೆಕ್ಕ ಹೇಳುತ್ತೇನೆ. ಐದು ಗಂಟೆ ನೆನೆಸಿ, ನಾಲ್ಕು ಸಲ ತೊಳೆದು, ಅರ್ಧ ತೆಂಗಿನಕಾಯಿಯ ತುರಿ ಹಾಕಿ ರುಬ್ಬುವುದು. ರುಬ್ಬುವಾಗ ನೀರು ಕಡಿಮೆ ಇರಬೇಕು, ಇಲ್ಲದಿದ್ದರೆ ತರಿ ಕಲ್ಲಿನಿಂದ ತಪ್ಪಿಸಿಕೊಳ್ಳುತ್ತದೆ. ಬೆರಳಿಗೆ ತರಿ ಸಿಕ್ಕಿದರೆ ಇನ್ನೂ ಹತ್ತು ನಿಮಿಷ ಬಿಡಿ, ಈ ದೋಸೆ ತರಿಯನ್ನು ಸಹಿಸುವುದಿಲ್ಲ. ಆಮೇಲೆ ಉಪ್ಪು, ಉಳಿದ ನೀರು. ರುಬ್ಬಿದ್ದೂ ಬೆರೆಸಿದ್ದೂ ಸೇರಿ ಎರಡೂಕಾಲು ಲೀಟರಿಗೆ ನಿಲ್ಲಿಸಿ ಒಂದು ದೋಸೆ ಹುಯ್ದು ನೋಡುವುದು, ಸಾಮಾನ್ಯವಾಗಿ ಎರಡೂವರೆಯ ಆಸುಪಾಸಿನಲ್ಲಿ ಸರಿಯಾಗುತ್ತದೆ. ಹೊಸ ಅಕ್ಕಿಗೆ ಕಾಲು ಲೀಟರ್ ಕಡಿಮೆಯೇ ಸಾಕು. ಕಾಯಿಯ ಜೊತೆಗೆ ಇನ್ನೊಂದು ಸಣ್ಣ ವಸ್ತುವನ್ನೂ ರುಬ್ಬುತ್ತೇನೆ, ದೋಸೆ ಮಧ್ಯಾಹ್ನದವರೆಗೆ ಮೆತ್ತಗಿರುವುದು ಅದರಿಂದ. ಅದು ಮೆಸ್ಸಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಬಿಸಿ ದೋಸೆಗೆ ಕೊರತೆಯಿಲ್ಲ.

ಮೊದಲ ದೋಸೆಯನ್ನು ಓದಲು ಬರಬೇಕು. ಹಿಟ್ಟು ಬಿದ್ದ ಕೂಡಲೇ ಚುರ್ರೆಂದು ಸಣ್ಣ ಕಣ್ಣುಗಳು ತುಂಬಿದರೆ ಕಾವು ಸರಿ. ಹಿಟ್ಟು ಗುಳ್ಳೆ ಕಟ್ಟಿ ಕಾವಲಿಯಿಂದ ಜಾರಿ ಓಡಿದರೆ ಕಾವು ಹೆಚ್ಚಾಗಿದೆ, ಸದ್ದಿಲ್ಲದೆ ಕೂತರೆ ಕಡಿಮೆ. ಕಣ್ಣು ಬಿದ್ದೂ ಮಡಚುವಾಗ ಬಿರುಕು ಬಂದರೆ ನೀರು ಹೆಚ್ಚು: ಪಾತ್ರೆಯನ್ನು ಅಲುಗಿಸದೆ ಅರ್ಧ ಗಂಟೆ ಇಟ್ಟು ಮೇಲಿನ ತಿಳಿನೀರು ಒಂದು ಸೌಟು ಚೆಲ್ಲಿ. ದಪ್ಪಗೆ ಬಂದು ನಡುವೆ ಕಚ್ಚಿದರೆ ನೀರು ಕಡಿಮೆ. ಅಕ್ಕಿ ಹಿಟ್ಟು ಬೇಗ ತಳ ಸೇರುತ್ತದೆ, ಆದ್ದರಿಂದ ಪ್ರತಿ ದೋಸೆಗೂ ತಳದಿಂದ ಕಲಕಿಯೇ ತೆಗೆಯಬೇಕು. ಮೊದಲ ಹತ್ತು ತೆಳ್ಳಗೆ, ಕೊನೆಯ ಹತ್ತು ಗಟ್ಟಿ ಬಂದರೆ ಕಲಕಿಲ್ಲ ಎಂದೇ ಅರ್ಥ.

ಕಾವಲಿ ಎರಕದ ಕಬ್ಬಿಣದ್ದು, ನೀರುದೋಸೆಗೆ ಮಾತ್ರ ಮೀಸಲು. ಚಪಾತಿಯ ಒಣಹಿಟ್ಟು ಸುಟ್ಟು ಹಿಡಿದ ಕಾವಲಿಯಲ್ಲಿ ಒಳ್ಳೆಯ ಹಿಟ್ಟೂ ಕಚ್ಚುತ್ತದೆ. ಎಣ್ಣೆಯ ವಿಷಯದಲ್ಲಿ ಮಾತ್ರ ಚಳಿಯ ದೂರು ನಿಜ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಕರಾವಳಿಯಲ್ಲಿ ಹೆಚ್ಚಿನ ದಿನ ಬಟ್ಟಲಿನಲ್ಲಿ ತಿಳಿಯಾಗಿಯೇ ಇರುವ ಎಣ್ಣೆ ಇಲ್ಲಿ ಚಳಿಗಾಲದ ಬೆಳಿಗ್ಗೆ ಬೆಣ್ಣೆಯಂತೆ ಕೂತಿರುತ್ತದೆ. ಗಟ್ಟಿ ಎಣ್ಣೆಯನ್ನು ಹೆರೆದು ಸವರಿದರೆ ಒಂದು ಕಡೆ ಹೆಚ್ಚು, ಒಂದು ಕಡೆ ಇಲ್ಲವೇ ಇಲ್ಲ, ದೋಸೆ ಅರ್ಧ ಎದ್ದು ಅರ್ಧ ಉಳಿಯುತ್ತದೆ. ಬಟ್ಟಲನ್ನು ಒಲೆಯ ಪಕ್ಕದಲ್ಲಿಟ್ಟು, ಕತ್ತರಿಸಿದ ಈರುಳ್ಳಿಯಿಂದ ತೆಳುವಾಗಿ ಉಜ್ಜಿದರೆ ಮುಗಿಯಿತು.

ಒಂದು ಕೆಜಿ ಅಕ್ಕಿಗೆ ಐವತ್ತರ ಹತ್ತಿರ ದೋಸೆ ಬರುತ್ತವೆ. ಅಕ್ಕಿ, ಕಾಯಿ, ಎಣ್ಣೆ, ಗ್ಯಾಸ್ ಎಲ್ಲ ಸೇರಿ ಒಂದಕ್ಕೆ ಎರಡು ರೂಪಾಯಿ ಚಿಲ್ಲರೆ. ಕಾಯಿಯ ಬೆಲೆ ಏರಿದಾಗ ಅರ್ಧ ಕಾಯಿಯ ಬದಲು ಎಳೆ ಸೌತೆಕಾಯಿ ತುರಿದು ಹಾಕಿ ನೋಡಿದ್ದುಂಟು. ದೋಸೆ ಮೆತ್ತಗೆ ಬರುತ್ತದೆ, ಪರಿಮಳವೂ ಚೆನ್ನ. ಆದರೆ ಸೌತೆಯ ನೀರು ದಿನಕ್ಕೊಂದು ಥರ, ನೀರಿನ ಅಳತೆ ಕೈಯಲ್ಲಿ ನಿಲ್ಲುವುದಿಲ್ಲ. ಮನೆಗೆ ಸರಿ, ಐವತ್ತು ಜನರ ಬೆಳಗಿನ ತಿಂಡಿಗೆ ಆಗದು.

ಚಳಿ ನಿಜವಾಗಿ ಕಾಡುವುದು ಉದ್ದು ಬಿದ್ದ ಹಿಟ್ಟಿಗೆ, ಅಂದರೆ ಹಲಸಿನೆಲೆಯ ಕೊಟ್ಟೆ ಕಡುಬಿಗೆ. ಊರಿನಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ಇಲ್ಲಿ ಜನವರಿಯಲ್ಲಿ ಹನ್ನೆರಡು, ಹದಿನಾಲ್ಕು ಗಂಟೆ ಬೇಕು, ಜುಲೈ ಮಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದು ಅಳತೆ ಉದ್ದಿಗೆ ಎರಡು ಅಳತೆ ಅಕ್ಕಿ ತರಿ ನಮ್ಮ ಕ್ರಮ. ತರಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕಲಸಿ, ಉಪ್ಪನ್ನು ಬೇಯಿಸುವ ಮುಂಚೆಯಷ್ಟೇ ಹಾಕಿ, ಪಾತ್ರೆಗೆ ಗೋಣಿ ಸುತ್ತಿ. ಬಚ್ಚಲ ಹಂಡೆ ಇರುವ ಹಳ್ಳಿಮನೆಯವರು ಅದರ ಪಕ್ಕದಲ್ಲಿಟ್ಟರೆ ಎರಡು ಗಂಟೆ ಉಳಿಯುತ್ತದೆ. ಒಂದು ಹನಿ ಹಿಟ್ಟು ನೀರಿನಲ್ಲಿ ತೇಲಿದರೆ ತಯಾರು. ತೇಲದೆ ಬರೀ ಹುಳಿ ವಾಸನೆ ಬಂದರೆ ಹೊತ್ತು ಮೀರಿ ಗಾಳಿ ಹೋಗಿದೆ, ಅದನ್ನು ದೋಸೆಗೆ ತಿರುಗಿಸಿ. ಸೋಡಾ ಹಾಕಿದರೆ ಕಡುಬು ಉಬ್ಬುತ್ತದೆ, ಆದರೆ ಹಲಸಿನೆಲೆಯ ಪರಿಮಳ ಸೋಡಾ ವಾಸನೆಯಲ್ಲಿ ಮುಳುಗುತ್ತದೆ.

ಇನ್ನು ದೋಸೆಯ ಜೊತೆ ಏನು? ಮೀನು ಆಗುಂಬೆ ಅಥವಾ ಹುಲಿಕಲ್ ಘಟ್ಟ ಹತ್ತಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಘಟ್ಟದಲ್ಲೂ ಅದೇ ಹೊತ್ತಿಗೆ ಜಡಿಮಳೆ. ಆ ಎರಡು ತಿಂಗಳು ಕೆರೆಯ ಕಾಟ್ಲ, ರೋಹು ಮತ್ತು ಕೋಳಿಯೇ ಗತಿ. ಮಲೆನಾಡಿನ ಕೋಳಿ ಸಾರು ಕಡುಬಿಗೆ ಹೇಳಿ ಮಾಡಿಸಿದ್ದು, ಖಾರ ಜೋರು, ಕಾಯಿ ಕಡಿಮೆ, ತೆಳ್ಳಗೆ. ಕಡುಬು ಅದನ್ನು ಹೀರುತ್ತದೆ. ನೀರುದೋಸೆ ಹೀರುವುದಿಲ್ಲ, ಸಾರು ತಟ್ಟೆಯಲ್ಲಿ ಹರಿದು ದೋಸೆ ನೆಂದು ಹರಿಯುತ್ತದೆ. ಅದೇ ಸಾರಿಗೆ ಇಳಿಸುವ ಮುಂಚೆ, ಎರಡು ಕೆಜಿ ಕೋಳಿಗೆ ಒಂದು ಕಾಯಿಯ ದಪ್ಪ ಹಾಲು ಹಾಕಿ ಒಂದೇ ಕುದಿ ಬರಿಸಿದರೆ ದೋಸೆಗೆ ಅಂಟಿಕೊಳ್ಳುವ ಹದಕ್ಕೆ ಬರುತ್ತದೆ. ಹೆಚ್ಚು ಕುದಿಸಿದರೆ ಹಾಲು ಒಡೆಯುತ್ತದೆ. ಇಲ್ಲಿನ ಗಿರಾಕಿಗೂ ಖಾರ ಸಿಕ್ಕಿತು, ನಮ್ಮವರಿಗೂ ಕಾಯಿ ಸಿಕ್ಕಿತು.

ಕೆರೆ ಮೀನಿನ ಕೆಸರು ವಾಸನೆಗೆ ಹುಣಸೆಗಿಂತ ಉಪ್ಪಾಗೆ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತುಂಡುಗಳನ್ನು ಕಲ್ಲುಪ್ಪು, ಅರಿಶಿನದಲ್ಲಿ ತಿಕ್ಕಿ ತೊಳೆದು, ಒಂದು ಕೆಜಿಗೆ ನಾಲ್ಕೈದು ಒಣ ಉಪ್ಪಾಗೆ ಸಿಪ್ಪೆ ಬಿಸಿನೀರಿನಲ್ಲಿ ನೆನೆಸಿ, ನೀರು ಸಮೇತ ಮಸಾಲೆಗೆ ಹಾಕಬೇಕು. ಹುಣಸೆಯ ರಸ ಸಾರನ್ನು ಗಟ್ಟಿ ಮಾಡುತ್ತದೆ, ಉಪ್ಪಾಗೆ ಮಾಡುವುದಿಲ್ಲ, ಆದ್ದರಿಂದ ಕಾಯಿ ಒಂದು ಹಿಡಿ ಹೆಚ್ಚು ರುಬ್ಬಬೇಕು. ಹುಳಿಯೂ ನಿಧಾನವಾಗಿ ಬಿಡುತ್ತದೆ. ಬಿಸಿಯಲ್ಲಿ ರುಚಿ ನೋಡಿ ಹುಳಿ ಸಾಲದೆಂದು ಇನ್ನೆರಡು ಸಿಪ್ಪೆ ಹಾಕಿದರೆ ಸಂಜೆಗೆ ಬಾಯಿಗಿಡಲಾಗದು. ಹದ ಬಂದ ಮೇಲೆ ಸಿಪ್ಪೆ ಹೆಕ್ಕಿ ತೆಗೆದಿಟ್ಟರೆ ಮಾರನೇ ದಿನದವರೆಗೂ ಸಾರು ಅದೇ ಹುಳಿಯಲ್ಲಿ ನಿಲ್ಲುತ್ತದೆ.