ನಿಮ್ಮ ಸೈಟಿನ ಬರಹ ಇನ್ನೊಬ್ಬರ ಪುಟದಲ್ಲಿ ಕಂಡರೆ

ಸಾಗರದಲ್ಲಿರುವ ನನ್ನ ಗೆಳತಿಯೊಬ್ಬರು ಮಲೆನಾಡಿನ ಅಡುಗೆಗಳ ಸಣ್ಣ ಸೈಟೊಂದನ್ನು ನಡೆಸುತ್ತಾರೆ. ಕಳೆದ ಮಳೆಗಾಲದಲ್ಲಿ ಅವರ ಪತ್ರೊಡೆಯ ಬರಹ ಮತ್ತೊಂದು ಸೈಟಿನಲ್ಲಿ ಇಡಿಯಾಗಿ ಕಾಣಿಸಿತು. ‘ಎಲೆಯ ಹಿಂದಿನ ನರಕ್ಕೆ ಉಗುರು ತಾಗಿಸಿದಿರೋ, ಸಂಜೆಯವರೆಗೂ ಬೆರಳು ತುರಿಸುತ್ತಲೇ ಇರುತ್ತದೆ ಎಂದು ನಮ್ಮತ್ತೆ ಹೆದರಿಸುತ್ತಿದ್ದರು’ ಎಂಬ ಅವರ ಸಾಲು ಹಾಗೆಯೇ ಇತ್ತು. ‘ಹುಣಸೆಹಣ್ಣು’ ಎಂದು ಬರೆಯುವಲ್ಲಿ ಅವರ ಕೈತಪ್ಪಿ ಆಗಿದ್ದ ‘ಹುಸೆಹಣ್ಣು’ ಕೂಡ ಅಲ್ಲಿತ್ತು. ಬರೆದವರ ಹೆಸರು ಮಾತ್ರ ಬೇರೆ. ಆ ಪುಟವನ್ನು ತೆಗೆಸಲು ಅವರು ಏನೇನು ಮಾಡಬೇಕಾಯಿತು, ಮೊದಲೇ ಏನು ಮಾಡಿಟ್ಟುಕೊಂಡಿದ್ದರೆ ಸುಲಭವಾಗುತ್ತಿತ್ತು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು: ನಿಮ್ಮದು ಯಾವುದು, ನಿಮ್ಮದಲ್ಲದ್ದು ಯಾವುದು

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸ್ವಂತ ಬರಹದ ಹಕ್ಕು ಅದನ್ನು ಬರೆದಿಟ್ಟ ಕ್ಷಣದಿಂದಲೇ ನಿಮ್ಮದು. ನೋಂದಣಿ ಬೇಕಿಲ್ಲ, ಯಾವ ಗುರುತೂ ಬೇಕಿಲ್ಲ. ಲೇಖಕರ ಜೀವಿತಾವಧಿ ಮತ್ತು ಅವರ ನಂತರದ 60 ವರ್ಷ ಆ ಹಕ್ಕು ಉಳಿಯುತ್ತದೆ. ಆದರೆ ಕಾಯ್ದೆ ಕಾಯುವುದು ನೀವು ಹೇಳಿದ ರೀತಿಯನ್ನು, ಹೇಳಿದ ವಿಷಯವನ್ನಲ್ಲ. ಎರಡು ಲೋಟ ಅಕ್ಕಿ, ನಿಂಬೆಗಾತ್ರದ ಹುಣಸೆಹಣ್ಣು, ಹತ್ತು ಕೆಸುವಿನೆಲೆ ಎಂಬ ಪಟ್ಟಿ ಯಾರ ಸ್ವತ್ತೂ ಅಲ್ಲ. ಎಲೆಗೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವ ವಿಧಾನವೂ ಅಲ್ಲ. ಅತ್ತೆ ಹೆದರಿಸಿದ ಆ ಸಾಲು, ನೀವು ತೆಗೆದ ಫೋಟೊ, ವಿವರಣೆಯನ್ನು ಹೆಣೆದ ಬಗೆ ನಿಮ್ಮವು. ಯಾರೋ ಅದನ್ನು ತೆಲುಗಿಗೆ ತಿರುಗಿಸಿ ಹಾಕಿದರೂ ನಿಮ್ಮ ಅನುಮತಿ ಬೇಕು, ಏಕೆಂದರೆ ಅನುವಾದದ ಹಕ್ಕೂ ಮೂಲ ಲೇಖಕರದೇ.

ಹಲವರು ಎಡವುವುದು ಬೇರೆಯವರಿಂದ ಬರೆಸಿಕೊಂಡ ಲೇಖನಗಳ ವಿಷಯದಲ್ಲಿ. ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದು. ಸಂಭಾವನೆ ಪಡೆದು ಹೊರಗಿನವರು ಬರೆದುಕೊಟ್ಟದ್ದು ಹಾಗಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. ಸಹಿ ಮಾಡಿದ ಬರಹದಲ್ಲಿ ವರ್ಗಾವಣೆಯಾಗಬೇಕು. ಆ ಪತ್ರದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ತಿಳಿದುಕೊಳ್ಳುತ್ತದೆ. ಅಂತರ್ಜಾಲಕ್ಕೆ ಗಡಿ ಇಲ್ಲದಿರುವುದರಿಂದ ಈ ಎರಡನ್ನೂ ಬರೆಸಿಕೊಳ್ಳುವುದನ್ನು ಮರೆಯಬೇಡಿ. ನಿಮ್ಮದಲ್ಲದ ಲೇಖನದ ಬಗ್ಗೆ ದೂರು ಕೊಡಲು ಹೋದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪುಟದ ತಳದ ಸಾಲು

ಫೂಟರ್‌ನಲ್ಲಿ ಹಾಕುವ © ಗುರುತು ಹಕ್ಕನ್ನು ಹುಟ್ಟಿಸುವುದಿಲ್ಲ. ಆದರೂ ಹಾಕಬೇಕು. ‘ಇದು ಯಾರದೋ ಗೊತ್ತಾಗಲಿಲ್ಲ’ ಎಂಬ ನೆಪ ಆಗ ನಡೆಯುವುದಿಲ್ಲ. ಅನುಮತಿ ಕೇಳುವ ಪ್ರಾಮಾಣಿಕರಿಗೂ ದಾರಿ ತಿಳಿಯುತ್ತದೆ. ಗುರುತು, ಮೊದಲು ಪ್ರಕಟಿಸಿದ ವರ್ಷ, ಹಕ್ಕುದಾರರ ಹೆಸರು ಈ ಮೂರು ಇದ್ದರೆ ಸಾಕು.

```html
<footer>
  <p>© 2019–2025 ನಿಮ್ಮ ಪೂರ್ಣ ಹೆಸರು.
  ಬರಹ, ಫೋಟೊಗಳ ಮರುಬಳಕೆಗೆ ಅನುಮತಿ ಅಗತ್ಯ:
  <a href="/anumati">ಇಲ್ಲಿ ಕೇಳಿ</a></p>
</footer>
```

ಹೆಸರಿನ ಜಾಗದಲ್ಲಿ ಸೈಟಿನ ಹೆಸರನ್ನಷ್ಟೇ ಬರೆಯುವವರೇ ಹೆಚ್ಚು. ಸೈಟು ಒಂದು ಕಂಪನಿಯಾಗಿ ನೋಂದಣಿಯಾಗಿಲ್ಲದಿದ್ದರೆ ಅದಕ್ಕೆ ಸ್ವತ್ತು ಹೊಂದುವ ಶಕ್ತಿ ಇಲ್ಲ. ಮನುಷ್ಯರ ಹೆಸರೇ ಬರಲಿ. ಪ್ರತಿ ಜನವರಿಯಲ್ಲಿ ವರ್ಷವನ್ನು ತಾನೇ ಬದಲಿಸುವ ಸ್ಕ್ರಿಪ್ಟ್ ಹಾಕಿಕೊಂಡು, ಹಳೆಯ ವರ್ಷವನ್ನು ಅಳಿಸಿಬಿಡುವುದು ಇನ್ನೊಂದು ತಪ್ಪು. 2019ರಲ್ಲಿ ಬರೆದ ಪುಟದ ಕೆಳಗೆ ಈ ವರ್ಷ ಮಾತ್ರ ಕಂಡರೆ, ಕದ್ದವನ ಪುಟವೇ ನಿಮ್ಮದಕ್ಕಿಂತ ಹಳೆಯದಾಗಿ ಕಾಣುವ ಪೇಚಿನ ಸ್ಥಿತಿ ಬರಬಹುದು. ಪ್ರತಿ ಲೇಖನದ ಮೇಲೂ ಅದರದೇ ಪ್ರಕಟಣೆಯ ದಿನಾಂಕ ಇರಲಿ.

ಸೈಟಿನ ಹೆಸರು, ಲೋಗೊಗಳ ಪ್ರಶ್ನೆ ಬೇರೆ. ಹೆಸರಿಗೆ ಕಾಪಿರೈಟ್ ಸಿಗುವುದಿಲ್ಲ. ಅದನ್ನು ಕಾಯುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ™ ಗುರುತನ್ನು ನೋಂದಣಿ ಇಲ್ಲದೆಯೂ ಹೆಸರಿನ ಪಕ್ಕ ಹಾಕಬಹುದು. ® ಹಾಗಲ್ಲ, ನೋಂದಣಿಯಾಗದೆ ಅದನ್ನು ಬಳಸುವುದು ಕಾನೂನಿನ ಉಲ್ಲಂಘನೆ. ಫೂಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆಂದು ® ಹಚ್ಚಿಕೊಂಡ ಸೈಟುಗಳನ್ನು ನಾನೇ ಕಂಡಿದ್ದೇನೆ. ನೋಂದಣಿಗೆ ವ್ಯಕ್ತಿಗಳು ಆನ್‌ಲೈನ್ ಅರ್ಜಿ ಹಾಕಿದರೆ ಸರಕು, ಸೇವೆಗಳ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಪ್ರಕಟಣೆ, ಆಕ್ಷೇಪಣೆಗೆ 4 ತಿಂಗಳ ಕಾಲಾವಕಾಶ ಎಲ್ಲ ಮುಗಿದು ನೋಂದಣಿಯಾದರೆ 10 ವರ್ಷ ಊರ್ಜಿತ, ಆಮೇಲೆ ನವೀಕರಿಸಿಕೊಳ್ಳಬೇಕು. ‘ಮಲೆನಾಡಿನ ಅಡುಗೆ’ಯಂಥ ಹೆಸರಿಟ್ಟು ಅರ್ಜಿ ಹಾಕಿದರೆ ದುಡ್ಡು ನೀರುಪಾಲಾಗುವ ಸಂಭವವೇ ಹೆಚ್ಚು. ಸರಕನ್ನು ಬಣ್ಣಿಸುವ ಪದಗಳನ್ನು ಒಬ್ಬರಿಗೇ ಬರೆದುಕೊಡಲು ಕಾಯ್ದೆ ಒಪ್ಪುವುದಿಲ್ಲ. ಅಡುಗೆಗೆ ಸಂಬಂಧವೇ ಇಲ್ಲದ, ನೀವೇ ಕಟ್ಟಿದ ಪದವಾದರೆ ದಾರಿ ಸಲೀಸು. ಬರೀ ಬರಹ ಹಾಕುವ ಸೈಟಿಗೆ ಇದರ ಅವಸರವಿಲ್ಲ. ಅದೇ ಹೆಸರಲ್ಲಿ ಚಟ್ನಿಪುಡಿ ಮಾರಲು ಹೊರಟಾಗ ಯೋಚಿಸಿದರೆ ಸಾಕು.

ಪುರಾವೆ ಕೂಡಿಡುವುದು

ಮೌಸಿನ ಬಲಗುಂಡಿ ಒತ್ತದಂತೆ, ಅಕ್ಷರ ಆಯ್ಕೆ ಮಾಡದಂತೆ ತಡೆಯುವ ಪ್ಲಗಿನ್‌ಗಳಿಂದ ಏನೂ ಪ್ರಯೋಜನವಿಲ್ಲ. ಕದಿಯುವವರು ಹೆಚ್ಚಾಗಿ ಪುಟವನ್ನು ತೆರೆಯುವುದೇ ಇಲ್ಲ, ಹೊಸ ಬರಹಗಳನ್ನು ತಾನಾಗಿ ಹೊರಗೆ ಕಳಿಸುವ ಸೈಟಿನ ಆರ್‌ಎಸ್‌ಎಸ್ ಫೀಡಿನಿಂದ ಪೂರ್ತಿ ಬರಹವನ್ನು ಯಂತ್ರದ ಮೂಲಕ ಸೆಳೆದುಕೊಳ್ಳುತ್ತಾರೆ. ವರ್ಡ್‌ಪ್ರೆಸ್ ಬಳಸುವವರು Settings → Reading ಪುಟದಲ್ಲಿ ಫೀಡಿಗೆ Excerpt ಆರಿಸಿದರೆ ಅಲ್ಲಿಗೆ ತುಣುಕು ಮಾತ್ರ ಹೋಗುತ್ತದೆ. ಲೇಖನದ ನಡುವೆ ನಿಮ್ಮದೇ ಹಳೆಯ ಲೇಖನಗಳಿಗೆ ಪೂರ್ತಿ ವಿಳಾಸದ ಕೊಂಡಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಕದ್ದ ಪ್ರತಿಯಲ್ಲಿ ಆ ಕೊಂಡಿಗಳೂ ಉಳಿದು, ಓದುಗರನ್ನು ನಿಮ್ಮ ಮನೆಗೇ ಕರೆತರುತ್ತವೆ.

ಲೇಖನ ಪ್ರಕಟಿಸಿದ ದಿನವೇ web.archive.org ತಾಣದಲ್ಲಿ Save Page Now ಒತ್ತಿ. ನಿಮ್ಮ ಹಿಡಿತದಲ್ಲಿಲ್ಲದ ಕಡೆ, ದಿನಾಂಕದ ಸಮೇತ ಒಂದು ನಕಲು ಕೂರುತ್ತದೆ. ಕರಡುಗಳನ್ನೂ ಕ್ಯಾಮೆರಾದಿಂದ ಬಂದ ಮೂಲ ಫೋಟೊ ಫೈಲನ್ನೂ ಅಳಿಸಬೇಡಿ. ಕದ್ದವರ ಕೈಯಲ್ಲಿರುವುದು ಸೈಟಿಗೆಂದು ಕುಗ್ಗಿಸಿದ ಚಿತ್ರ; ದೊಡ್ಡ ಗಾತ್ರದ ಮೂಲ ಇರುವುದು ನಿಮ್ಮಲ್ಲಿ ಮಾತ್ರ. ಹಣ ಬರುವ ಸರಣಿ ಬರಹವಾದರೆ copyright.gov.in ಮೂಲಕ ನೋಂದಣಿ ಮಾಡಿಸಬಹುದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಇಡೀ ಸೈಟನ್ನು ಒಂದು ಕೃತಿಯೆಂದು ನೋಂದಾಯಿಸಲು ಬರುವುದಿಲ್ಲ; ಬರಹ, ಚಿತ್ರಗಳಿಗೆ ಬೇರೆಬೇರೆ ಅರ್ಜಿ ಹಾಕಬೇಕು.

ಕದ್ದದ್ದು ಸಿಕ್ಕಾಗ

ಹುಡುಕಲು ಸರಳ ಉಪಾಯವಿದೆ. ನಿಮ್ಮ ಬರಹದ ಒಂದು ವಿಚಿತ್ರ ಸಾಲನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಗೂಗಲ್‌ನಲ್ಲಿ ಹುಡುಕಿ. ಗೆಳತಿಗೆ ಸಿಕ್ಕಿದ್ದು ‘ಹುಸೆಹಣ್ಣಿ’ನಿಂದಲೇ. ಎರಡು ಸೈಟುಗಳಲ್ಲಿ ಒಂದೇ ಕಾಗುಣಿತದ ತಪ್ಪು ಇರುವುದು ಕಾಕತಾಳೀಯವಲ್ಲ. ಸಿಕ್ಕೊಡನೆ ಸಿಟ್ಟಿನಲ್ಲಿ ಪತ್ರ ಬರೆಯಲು ಕೂರಬೇಡಿ. ಮೊದಲು ಆ ಪುಟವನ್ನೂ web.archive.orgನಲ್ಲಿ ಉಳಿಸಿ, ವಿಳಾಸ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪತ್ರ ತಲುಪಿದ ಗಳಿಗೆಯಲ್ಲೇ ಪುಟ ಮಾಯವಾಗಿ, ತಿಂಗಳ ನಂತರ ಮತ್ತೆ ಪ್ರತ್ಯಕ್ಷವಾಗುವುದುಂಟು.

ಅದು ನಿಜಕ್ಕೂ ಕಳ್ಳತನವೇ ಎಂದೂ ನೋಡಿ. ವಿಮರ್ಶೆಗಾಗಿ ನಿಮ್ಮ ನಾಲ್ಕು ಸಾಲು ಎತ್ತಿ, ಹೆಸರು ಹೇಳಿ ಚರ್ಚಿಸಿದ್ದರೆ ಕಾಪಿರೈಟ್ ಕಾಯ್ದೆಯ 52ನೆಯ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಆಧಾರವಿಲ್ಲದೆ ಬೆದರಿಸಿದರೆ 60ನೆಯ ಕಲಮಿನಡಿ ಅವರೇ ನಿಮ್ಮ ಮೇಲೆ ದಾವೆ ಹೂಡಬಹುದು.

ಮೊದಲ ಪತ್ರ ಸೈಟು ನಡೆಸುವವರಿಗೆ. ಗೆಳತಿ ಬರೆದದ್ದು ಇಷ್ಟೇ: ‘ನಿಮ್ಮ ಈ ಪುಟದಲ್ಲಿರುವ ಬರಹ ಮತ್ತು ಮೂರು ಫೋಟೊಗಳು ನನ್ನವು. ಮೂಲ ಪ್ರಕಟಣೆಯ ಕೊಂಡಿ ಕೆಳಗಿದೆ. ಮರುಪ್ರಕಟಣೆಗೆ ನಾನು ಅನುಮತಿ ಕೊಟ್ಟಿಲ್ಲ. ಇನ್ನು ಏಳು ದಿನಗಳಲ್ಲಿ ತೆಗೆದು ನನಗೆ ತಿಳಿಸಿರಿ.’ ‘ಕೃಪೆ’ ಎಂದು ನಿಮ್ಮ ಹೆಸರು ಹಾಕಿಬಿಡುತ್ತೇವೆ ಎಂಬ ಉತ್ತರ ಬಂದರೆ ಒಪ್ಪುವುದು ಬಿಡುವುದು ನಿಮ್ಮಿಷ್ಟ. ಹೆಸರು ಹಾಕಿದ್ದು ಅನುಮತಿ ಪಡೆದಂತಲ್ಲ.

ಉತ್ತರ ಬಾರದಿದ್ದರೆ ಪತ್ರ ಆ ಸೈಟಿಗೆ ತನ್ನ ಸರ್ವರಿನಲ್ಲಿ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಗೆ. ಅದು ಯಾವುದೆಂದು lookup.icann.org ತಾಣದಲ್ಲಿ ಆ ಡೊಮೈನ್ ಹೆಸರು ಕೊಟ್ಟರೆ ಸುಳಿವು ಸಿಗುತ್ತದೆ. ಅಲ್ಲಿ ನೇಮ್ ಸರ್ವರ್ ಎಂದು ಕ್ಲೌಡ್‌ಫ್ಲೇರ್ ಹೆಸರು ಕಂಡರೆ ಅದು ಬಹುಪಾಲು ನಡುವಿನ ಪರದೆ ಮಾತ್ರ. ಅವರ ದೂರಿನ ಫಾರ್ಮ್ ತುಂಬಿದರೆ ಹಿಂದಿರುವ ಹೋಸ್ಟ್ ಯಾರೆಂದು ತಿಳಿಸುತ್ತಾರೆ.

ಇಲ್ಲಿ ಎರಡು ದಾರಿಗಳಿವೆ, ವ್ಯತ್ಯಾಸ ತಿಳಿದಿರಬೇಕು. ಭಾರತದ 2013ರ ಕಾಪಿರೈಟ್ ನಿಯಮಗಳ ಪ್ರಕಾರ ಲಿಖಿತ ದೂರು ಸಿಕ್ಕ 36 ಗಂಟೆಗಳಲ್ಲಿ ಹೋಸ್ಟ್ ಆ ಪುಟ ಕಾಣದಂತೆ ಮಾಡಬೇಕು. ಆದರೆ ಆ ದೂರಿನಲ್ಲೇ ನೀವು ನ್ಯಾಯಾಲಯದಲ್ಲಿ ದಾವೆ ಹೂಡಿ 21 ದಿನಗಳಲ್ಲಿ ಆದೇಶ ತರುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ತರದಿದ್ದರೆ ಪುಟ ಮತ್ತೆ ಮೇಲೇಳಬಹುದು. ಒಂದು ಪತ್ರೊಡೆಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ? ಹೋಸ್ಟ್ ಅಮೆರಿಕದ ಕಂಪನಿಯಾಗಿದ್ದರೆ ಡಿಎಂಸಿಎ ಎಂಬ ಅಲ್ಲಿನ ಡಿಜಿಟಲ್ ಕಾಪಿರೈಟ್ ಕಾಯ್ದೆಯ ದೂರು ಸಾಕಾಗುತ್ತದೆ. ಮೂಲ ಪುಟದ ಕೊಂಡಿ, ಕದ್ದ ಪುಟದ ಕೊಂಡಿ, ನಿಮ್ಮ ಸಂಪರ್ಕ ವಿವರ, ಬಳಕೆಗೆ ಅನುಮತಿ ಇಲ್ಲವೆಂದು ನಂಬಿರುವುದಾಗಿಯೂ ಹೇಳಿದ್ದು ಸತ್ಯವೆಂದೂ ಹೇಳಿಕೆ, ಸಹಿ ಇದ್ದರಾಯಿತು. ಎದುರಿನವರು ಪ್ರತಿದೂರು ಕೊಟ್ಟರೆ ಮಾತ್ರ ದಾವೆಯ ಪ್ರಶ್ನೆ ಬರುತ್ತದೆ. ಕದ್ದವರು ಪ್ರತಿದೂರು ಕೊಡುವುದು ಅಪರೂಪ, ಅದಕ್ಕೆ ತಮ್ಮ ಹೆಸರು ವಿಳಾಸ ಬಿಟ್ಟುಕೊಡಬೇಕಲ್ಲ.

ಜೊತೆಗೇ ಗೂಗಲ್‌ನ ಕಾಪಿರೈಟ್ ದೂರಿನ ಫಾರ್ಮನ್ನೂ ತುಂಬಿ. ಅದರಿಂದ ಪುಟ ಅಳಿಯುವುದಿಲ್ಲ, ಹುಡುಕಾಟದ ಫಲಿತಾಂಶದಿಂದ ಇಳಿಯುತ್ತದೆ. ಜಾಹೀರಾತಿನ ಆಸೆಗೆ ಕದ್ದವನಿಗೆ ಅಷ್ಟೇ ಸಾಕಾದ ಪೆಟ್ಟು. ಇಂಥ ದೂರುಗಳು ಲ್ಯುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗುತ್ತವೆ, ನಿಮ್ಮ ಹೆಸರು ಅಲ್ಲಿ ಕಾಣಬಹುದೆಂಬುದು ನೆನಪಿರಲಿ.

ಗೆಳತಿಯ ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಹೋಸ್ಟ್‌ಗೆ ದೂರು ಹೋದ ಮೇಲೆ ಪುಟ ಇಳಿಯಿತು. ಎರಡು ವಾರಗಳ ನಂತರ ಅದೇ ಸೈಟಿನಲ್ಲಿ ಪತ್ರೊಡೆ ಮತ್ತೆ ಬಂತು. ಅವರು ದೂರು ಬರೆಯಲು ಸಿದ್ಧರಾಗಿ ಪುಟ ತೆರೆದರು. ಅಳತೆಗಳು ಅವೇ, ಕ್ರಮವೂ ಅದೇ, ಆದರೆ ಫೋಟೊ ಹೊಸದು, ವಾಕ್ಯಗಳೆಲ್ಲ ಬೇರೆ, ಅತ್ತೆಯ ಸುಳಿವೇ ಇಲ್ಲ. ‘ಹುಣಸೆಹಣ್ಣು’ ಸರಿಯಾಗಿತ್ತು. ಅದರ ಮೇಲೆ ಯಾವ ದೂರೂ ನಿಲ್ಲುವುದಿಲ್ಲವೆಂದು ತಿಳಿದು ಪುಟ ಮುಚ್ಚಿ, ತಮ್ಮ ಬರಹದಲ್ಲಿದ್ದ ಕಾಗುಣಿತದ ತಪ್ಪನ್ನು ಮಾತ್ರ ತಿದ್ದದೆ ಹಾಗೇ ಉಳಿಸಿಕೊಂಡರು.