ಗೊರಕೆ ಮತ್ತು ಸ್ಮಾರ್ಟ್‌ವಾಚ್: ಎಚ್ಚರಿಕೆ ಬಂದರೆ ನಂಬಿ, ಬಾರದಿದ್ದರೆ ನಿಶ್ಚಿಂತರಾಗಬೇಡಿ

ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾ ಎಂಬ ಉಸಿರಾಟದ ಅಡಚಣೆ ಎರಡನ್ನೂ ವಾಚ್ ಒಂದೇ ರೀತಿಯಲ್ಲಿ ಅಳೆಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಸ್ಯಾಮ್‌ಸಂಗ್ ವಾಚ್‌ಗಳಲ್ಲಿ ಗೊರಕೆಯನ್ನು ಕೇಳಿಸಿಕೊಳ್ಳುವುದು ಹಾಸಿಗೆಯ ಪಕ್ಕದಲ್ಲಿಟ್ಟ ಫೋನಿನ ಮೈಕ್. ಪಕ್ಕದಲ್ಲಿ ಮಲಗಿದವರ ಗೊರಕೆಯೂ ನಿಮ್ಮ ಲೆಕ್ಕಕ್ಕೆ ಸೇರಬಹುದು. ಆಪಲ್ ವಾಚ್ ಗೊರಕೆಯ ಗೊಡವೆಗೆ ಹೋಗದೆ, ಉಸಿರು ತಡೆದಾಗ ಮಣಿಕಟ್ಟಿನಲ್ಲಾಗುವ ಅತಿ ಸಣ್ಣ ಚಲನೆಗಳನ್ನು ಆಕ್ಸೆಲೆರೋಮೀಟರ್ ಎಂಬ ಚಲನೆ ಅಳೆಯುವ ಸಂವೇದಕದಿಂದ ಗುರುತಿಸುತ್ತದೆ. ಇಲ್ಲಿ ವಿವರಿಸುವುದು ಈ ಎರಡನೆಯ ವಿಧಾನವನ್ನು.

ಐಫೋನಿನ Health ಆ್ಯಪ್‌ನಲ್ಲಿ Respiratory ವಿಭಾಗದ Sleep Apnea Notifications ಅನ್ನು ಚಾಲೂ ಮಾಡಿ, ಪಟ್ಟಿ ಸಡಿಲವಾಗದಂತೆ ವಾಚ್ ಕಟ್ಟಿಕೊಂಡು ಮಲಗಿದರೆ ಸಿದ್ಧತೆ ಮುಗಿಯಿತು. ಚಾರ್ಜಿಂಗ್ ರಾತ್ರಿಯ ಊಟದ ಹೊತ್ತಿಗೇ ಆಗಲಿ.

ಹೆಚ್ಚಿನವರು ಎಡವುವುದು ಫಲಿತಾಂಶ ಓದುವಲ್ಲಿ. ಒಂದು ರಾತ್ರಿ ಅಡಚಣೆ ಹೆಚ್ಚಿದೆ ಎಂಬರ್ಥದ Elevated ಕಂಡೊಡನೆ ಗಾಬರಿಯಾಗಬೇಡಿ. ಮದ್ಯಪಾನ ಅಥವಾ ಕಟ್ಟಿದ ಮೂಗು ಒಂದು ರಾತ್ರಿಯ ಫಲಿತಾಂಶವನ್ನು ಕೆಡಿಸಬಲ್ಲದು. ವಾಚ್ 30 ದಿನಗಳ ಅವಧಿಯಲ್ಲಿ ಕನಿಷ್ಠ 10 ರಾತ್ರಿಗಳ ಮಾಹಿತಿ ಸಿಕ್ಕ ಮೇಲೆಯೇ ಎಚ್ಚರಿಕೆ ಕೊಡಬೇಕೆ ಎಂದು ನಿರ್ಧರಿಸುತ್ತದೆ. ಕಂಪನಿಯೇ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಮಧ್ಯಮ ಅಥವಾ ತೀವ್ರ ಸ್ಲೀಪ್ ಆಪ್ನಿಯಾ ಇದ್ದವರಲ್ಲಿ ನೂರಕ್ಕೆ ಸುಮಾರು 66 ಮಂದಿ ಮಾತ್ರ ಪತ್ತೆಯಾದರು. ಅಂತಹ ಸಮಸ್ಯೆ ಇಲ್ಲದವರಿಗೆ ಸುಳ್ಳು ಎಚ್ಚರಿಕೆ ಬಂದದ್ದು ನೂರಕ್ಕೆ ಇಬ್ಬರಿಗೂ ಕಡಿಮೆ. ಆದ್ದರಿಂದ ಎಚ್ಚರಿಕೆ ಬಂದರೆ ವೈದ್ಯರ ಬಳಿಗೆ ಹೋಗಲೇಬೇಕು. ಬಾರದಿದ್ದರೂ, ನಿದ್ದೆಯಲ್ಲಿ ಉಸಿರು ನಿಂತು ಏದುಸಿರಿನೊಂದಿಗೆ ಮತ್ತೆ ಶುರುವಾಗುವುದನ್ನು ಮನೆಯವರು ಕಂಡಿದ್ದರೆ, ಅಥವಾ ಗಾಡಿ ಓಡಿಸುವಾಗ ನಿಮಗೆ ತೂಕಡಿಕೆ ಬರುತ್ತಿದ್ದರೆ, ವಾಚ್‌ನ ಮಾತನ್ನು ಬದಿಗಿಟ್ಟು ಹೋಗಿ. ‘ಉಸಿರಾಟದ ಗುಣಮಟ್ಟ’ ಎಂದು ನೂರಕ್ಕೆ ಇಂತಿಷ್ಟು ಅಂಕ ಕೊಡುವ ಅಗ್ಗದ ವಾಚ್‌ಗಳು ಯಾವ ಪರೀಕ್ಷೆಗೆ ಒಳಪಟ್ಟಿವೆ ಎಂದು ಹೇಳದಿದ್ದರೆ, ಆ ಅಂಕವನ್ನು ನೋಡದಿರುವುದೇ ಲೇಸು.

ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರನ್ನು ಕಾಣುವಾಗ ಆ್ಯಪ್‌ನ ವರದಿಯನ್ನು ಪಿಡಿಎಫ್ ಮಾಡಿ ಒಯ್ಯಿರಿ. ಮನೆಯವರು ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಅವರು ಸೂಚಿಸುವ ನಿದ್ರಾ ಪರೀಕ್ಷೆಯಲ್ಲಿ, ಕನಿಷ್ಠ 10 ಸೆಕೆಂಡು ಉಸಿರು ನಿಂತ ಅಥವಾ ತೀರಾ ಕುಗ್ಗಿದ ಪ್ರಸಂಗಗಳನ್ನು ಎಣಿಸುತ್ತಾರೆ. ಏಳು ಗಂಟೆಯ ನಿದ್ದೆಯಲ್ಲಿ ಅಂತಹ 126 ಪ್ರಸಂಗಗಳಾದರೆ ಗಂಟೆಗೆ 18 ಎಂದಾಯಿತು. ಗಂಟೆಗೆ 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ಈ ಸಂಖ್ಯೆಯನ್ನು ವಾಚ್ ಕೊಡಲಾರದು. ಚಿಕಿತ್ಸೆ ನಿರ್ಧಾರವಾಗುವುದು ಇದರ ಮೇಲೆ.

ಸ್ಲೀಪ್ ಆಪ್ನಿಯಾ ಈಗಾಗಲೇ ದೃಢಪಟ್ಟವರಿಗೆ ಈ ಎಚ್ಚರಿಕೆ ಸೌಲಭ್ಯ ಉದ್ದೇಶಿತವಲ್ಲ. ವಾಚ್ ಸುಮ್ಮನಿದೆ ಎಂದು ಅವರು ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ಬಳಕೆಯನ್ನು ನಿಲ್ಲಿಸಬಾರದು.