ವಾದ ಬಿದ್ದಾಗ ಮಾತೂ ಬೀಳುತ್ತದೆಯೇ?

ಶಿವಮೊಗ್ಗ ಕಡೆಯ ಕಾಲೇಜು ಮಕ್ಕಳಿಗೆ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುವಾಗ ನಾನು ಹೆಚ್ಚು ಹೊತ್ತು ಕೊಡುವುದು ಒಂದೇ ವಿಷಯಕ್ಕೆ. ಎದುರಿನವರ ಕಾರಣಗಳಲ್ಲಿ ದೋಷ ಹುಡುಕುವುದನ್ನು ಅವರು ಬೇಗ ಕಲಿಯುತ್ತಾರೆ. ದೋಷ ಸಿಕ್ಕಿದ ಕೂಡಲೇ ‘ಆದ್ದರಿಂದ ಅವರು ಹೇಳಿದ್ದು ಸುಳ್ಳು’ ಎಂದುಬಿಡುತ್ತಾರೆ. ಈ ಕೊನೆಯ ಮಾತೂ ಒಂದು ತರ್ಕದೋಷವೇ. ಕಾರಣ ಕೆಟ್ಟದ್ದೆಂದು ತೋರಿಸಿ ತೀರ್ಮಾನವೇ ಸುಳ್ಳೆನ್ನುವುದು. ಇದನ್ನು ಬಿಡಿಸಿ ತೋರಿಸಲು, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ತೋಟದ ಮನೆಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಯೂ ಇಲ್ಲ.

ಬೋರ್ಡಿನ ಮೇಲ್ಗಡೆ ಒಂದು ವಾಕ್ಯ ಬರೆದು ಸುತ್ತ ಗೆರೆ ಎಳೆಯುತ್ತೇನೆ: ‘ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು.’ ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ತಾಮ್ರದ ಔಷಧಿ. ಕೆಳಗೆ ಊರಿನ ಮಾತುಕತೆಯಲ್ಲಿ ಇದಕ್ಕೆ ಕೊಡುವ ಮೂರು ಕಾರಣಗಳನ್ನು ಬರೆಯುತ್ತೇನೆ. ‘ನಮ್ಮಜ್ಜನ ಕಾಲದಿಂದ ಹೀಗೇ ಹೊಡೆದುಕೊಂಡು ಬಂದಿದ್ದೇವೆ.’ ‘ಪಕ್ಕದ ತೋಟದವರು ಹೊಡೆಯಲಿಲ್ಲ, ನೋಡಿ, ಕೊಳೆ ಬಂತು.’ ‘ಬೇಡ ಅನ್ನುವವರಿಗೆ ಬೇರೆ ಔಷಧಿ ಮಾರಬೇಕಾಗಿದೆ.’

ಮೂರನ್ನೂ ಮಕ್ಕಳೇ ಕೆಡವುತ್ತಾರೆ, ಸರಿಯಾಗಿಯೇ ಕೆಡವುತ್ತಾರೆ. ಅಜ್ಜ ಮಾಡಿದ್ದೆಲ್ಲ ಸರಿಯೆಂದೇನೂ ಇಲ್ಲ. ಒಂದು ತೋಟದಲ್ಲಿ ಕೊಳೆ ಬಂದದ್ದಕ್ಕೆ ಔಷಧಿ ಹೊಡೆಯದಿದ್ದುದೇ ಕಾರಣವೆಂದು ಹೇಗೆ ಹೇಳುವುದು? ಅಲ್ಲಿ ನೀರು ನಿಲ್ಲುತ್ತಿರಬಹುದು, ಮರಗಳು ಒತ್ತೊತ್ತಾಗಿ ಗಾಳಿ ಆಡದಿರಬಹುದು. ಬೇಡ ಅನ್ನುವವನ ಲಾಭ ನೋಡಿ ಅವನ ಮಾತಿನ ಸತ್ಯ ಅಳೆಯಲೂ ಆಗದು. ಇಲ್ಲಿಯವರೆಗೆ ಪೂರ್ತಿ ಅಂಕ. ನಂತರ ಒಬ್ಬರಾದರೂ ‘ಅಂದರೆ ಬೋರ್ಡೋ ಬೇಕಿಲ್ಲ’ ಅನ್ನುತ್ತಾರೆ. ಆಗ ನಾನು ಡಸ್ಟರ್ ತೆಗೆದುಕೊಂಡು ಮೂರು ಕಾರಣಗಳನ್ನೂ ಒರೆಸಿ, ಮೇಲಿನ ವಾಕ್ಯವನ್ನು ಹಾಗೇ ಬಿಡುತ್ತೇನೆ. ಅದರ ಮುಂದೆ ‘ಸರಿ’ ಎಂದೂ ಬರೆಯುವಂತಿಲ್ಲ, ‘ತಪ್ಪು’ ಎಂದೂ ಬರೆಯುವಂತಿಲ್ಲ. ‘ಇನ್ನೂ ಗೊತ್ತಿಲ್ಲ’ ಎಂದು ಬರೆಸುತ್ತೇನೆ.

ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಓದಿದವರಿಗೆ ಇದು ಹೊಸದಲ್ಲ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿದೆ ಎಂಬುದು ಅಲ್ಲಿಯ ಹಳೆಯ ಉದಾಹರಣೆ. ಆಗುಂಬೆ ಕಡೆ ಮಂಜನ್ನೇ ಹೊಗೆಯೆಂದು ತಿಳಿಯುವುದು ಏನೂ ಕಷ್ಟವಲ್ಲ. ಕಂಡದ್ದು ಮಂಜೆಂದು ಗೊತ್ತಾದರೆ ಹೇತು, ಅಂದರೆ ಕೊಟ್ಟ ಕಾರಣ, ಅಸಿದ್ಧವಾಯಿತು. ಆದರೂ ಬೆಟ್ಟದ ಆಚೆ ಮಗ್ಗುಲಲ್ಲಿ ನಿಜವಾಗಿಯೇ ಬೆಂಕಿ ಬಿದ್ದಿರಬಹುದು. ಮಂಜು ಬೆಂಕಿಯನ್ನು ಆರಿಸಿದಂತಾಗಲಿಲ್ಲ.

ಕೆಲವರಿಗೆ ಇಷ್ಟಾದರೂ ಮನಸ್ಸು ಒಪ್ಪುವುದಿಲ್ಲ. ಕೆಟ್ಟ ಕಾರಣಕ್ಕೂ ಸುಳ್ಳು ತೀರ್ಮಾನಕ್ಕೂ ಏನೋ ನಂಟಿದೆ ಎಂದೇ ಅನಿಸುತ್ತದೆ. ಅಂಥವರಿಗೆ ಅದೇ ಅಜ್ಜನ ಕಾರಣಕ್ಕೆ ಎರಡು ತೀರ್ಮಾನಗಳನ್ನು ಜೋಡಿಸಿ ತೋರಿಸುತ್ತೇನೆ. ‘ಅಜ್ಜ ಮಳೆಗೆ ಮೊದಲು ಹೊಡೆಯುತ್ತಿದ್ದರು, ಆದ್ದರಿಂದ ಮಳೆಗೆ ಮೊದಲೇ ಹೊಡೆಯಬೇಕು.’ ‘ಅಜ್ಜ ಒಂದೇ ಸಲ ಹೊಡೆಯುತ್ತಿದ್ದರು, ಆದ್ದರಿಂದ ಒಂದು ಸಲ ಹೊಡೆದರೆ ಸಾಕು.’ ಮೊದಲನೆಯದು ನಿಜ, ಅದರ ಆಧಾರ ಮುಂದೆ ಬರುತ್ತದೆ. ಎರಡನೆಯದು ಮಲೆನಾಡಿನ ಮಟ್ಟಿಗೆ ಸುಳ್ಳು: ಬಿಡದೆ ಸುರಿಯುವ ಮಳೆಗೆ ಔಷಧಿ ತೊಳೆದುಹೋಗುತ್ತದೆ, ಕಾಯಿಯೂ ದಪ್ಪವಾಗುತ್ತಾ ಹೋಗುತ್ತದೆ, ಹಾಗಾಗಿ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕಾಗುತ್ತದೆ. ಕಾರಣ ಒಂದೇ, ಅದರ ದೋಷವೂ ಒಂದೇ. ಆ ದೋಷ ತೀರ್ಮಾನವನ್ನು ಸುಳ್ಳು ಮಾಡುವಂಥದ್ದಾಗಿದ್ದರೆ ಎರಡೂ ಸುಳ್ಳಾಗಬೇಕಿತ್ತು. ನಾನು ಕಂಡಂತೆ ಬೇರೆ ಯಾವ ವಿವರಣೆಗಿಂತಲೂ ಇದು ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ.

‘ಇನ್ನೂ ಗೊತ್ತಿಲ್ಲ’ ಎಂದು ಬರೆದು ಅಲ್ಲಿಗೇ ಬಿಡುವುದಿಲ್ಲ. ಒರೆಸಿದ ಮೂರು ಕಾರಣಗಳನ್ನು ಮುಟ್ಟದೆ, ವಾಕ್ಯಕ್ಕೆ ಬೇರೆ ಆಧಾರ ಉಂಟೇ ಎಂದು ಹುಡುಕಿಸುತ್ತೇನೆ. ಕೊಳೆರೋಗಕ್ಕೆ ಕಾರಣ ಫೈಟೋಫ್ಥೋರ ಎಂಬ ಶಿಲೀಂಧ್ರದಂಥ ಜೀವಿ. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು, ಒದ್ದೆ ಕಾಯಿಯ ಮೇಲೆ ಮೊಳೆತು ಒಳಗೆ ಇಳಿಯುತ್ತವೆ. ಕಾಯಿಯ ಮೇಲೆ ತಾಮ್ರದ ಲೇಪ ಇದ್ದರೆ ಮೊಳೆಯಲು ಬಿಡುವುದಿಲ್ಲ. ಆದರೆ ಲೇಪ ಮೇಲ್ಮೈಯಲ್ಲೇ ಇರುತ್ತದೆ, ಆಗಲೇ ಒಳಹೊಕ್ಕ ರೋಗವನ್ನು ಅದು ಗುಣಪಡಿಸದು. ಮಳೆ ಹಿಡಿಯುವ ಮೊದಲೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ, ಅಜ್ಜನ ಹೆಸರು ಎತ್ತಬೇಕಾಗಿಯೇ ಇಲ್ಲ. ಮೈಸೂರು ಸರ್ಕಾರದ ಶಿಲೀಂಧ್ರತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದ್ದರು, ಬೋರ್ಡೋ ಹೊಡೆಯುವ ಪದ್ಧತಿ ನಮ್ಮಲ್ಲಿ ಹರಡಿದ್ದು ಆ ಕೆಲಸದಿಂದ. ಅಂದರೆ ಅಜ್ಜನ ಪದ್ಧತಿಯ ಹಿಂದೆಯೂ ಗಟ್ಟಿ ಕಾರಣವಿತ್ತು, ಹೇಳುವವರು ಅದನ್ನು ಬಿಟ್ಟು ‘ಅಜ್ಜ’ ಎಂಬುದನ್ನಷ್ಟೇ ಉಳಿಸಿಕೊಂಡರು. ಒಳ್ಳೆಯ ಕಾರಣ ಮರೆತುಹೋಗಿ ರೂಢಿ ಮಾತ್ರ ಉಳಿದ ಇಂಥ ಮಾತುಗಳು ನಮ್ಮ ಕೃಷಿಯಲ್ಲಿ ತುಂಬ ಇವೆ. ಕಾರಣ ಜೊಳ್ಳೆಂದು ಮಾತನ್ನೇ ಎಸೆದರೆ ನಷ್ಟವಾಗುವುದು ಇಂಥ ಕಡೆಯೇ.

ಸರಿ, ವಾಕ್ಯ ಸುಳ್ಳೆಂದೇ ಸಾಧಿಸಬೇಕಾದರೆ? ಆಗ ಸುಳ್ಳಿಗೂ ಬೇರೆ ಆಧಾರ ಬೇಕು. ಒಂದೇ ತೋಟದಲ್ಲಿ, ಒಂದೇ ಇಳಿಜಾರಿನಲ್ಲಿ, ಒಂದೇ ವಯಸ್ಸಿನ ಮರಗಳ ಕೆಲವು ಸಾಲುಗಳಿಗೆ ಹೊಡೆದು ಕೆಲವನ್ನು ಬಿಟ್ಟು ನೋಡಿ, ಎರಡರಲ್ಲೂ ಕೊಳೆ ಸಮ ಬಂದರೆ ಅದು ವಾಕ್ಯದ ವಿರುದ್ಧದ ಸಾಕ್ಷಿ. ಅದನ್ನೂ ಒಪ್ಪುವ ಮೊದಲು ದ್ರಾವಣ ಸರಿಯಿತ್ತೇ ಎಂದು ಕೇಳಬೇಕು. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಉಜ್ಜಿ ಹೊಳಪು ಬಂದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದರ್ಥ. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ತೂಕ ಸರಿಯಿದ್ದರೂ ಹೀಗಾಗುತ್ತದೆ. ಅಂಥ ದ್ರಾವಣ ಕಾಯಿಯನ್ನು ಸುಡುತ್ತದೆ, ಮಳೆಗೂ ನಿಲ್ಲದು. ಅದನ್ನು ಹೊಡೆದು ‘ಬೋರ್ಡೋ ಹೊಡೆದರೂ ಕೊಳೆ ಬಂತು’ ಅನ್ನುವ ವಾದ ಅಜ್ಜನ ವಾದದಷ್ಟೇ ಜೊಳ್ಳು.

ಕೆಟ್ಟ ವಾದಕ್ಕೆ ಯಾವ ತೂಕವೂ ಇಲ್ಲವೆಂದಲ್ಲ. ಒಂದು ಮಾತನ್ನು ನಾನು ನಂಬಿದ್ದು ಆ ಒಂದು ಕಾರಣಕ್ಕೇ ಆಗಿದ್ದರೆ, ಕಾರಣ ಬಿದ್ದ ಮೇಲೆ ನಂಬಿಕೆಯೂ ಇಳಿಯಬೇಕು. ಆದರೆ ಇಳಿಯಬೇಕಾದ್ದು ಆ ಕಾರಣ ಕೇಳುವ ಮೊದಲು ಎಲ್ಲಿತ್ತೋ ಅಲ್ಲಿಗೆ, ‘ಸುಳ್ಳು’ ಎಂಬಲ್ಲಿಗಲ್ಲ. ಯಾರು ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕು. ಸಭೆಯಲ್ಲಿ ಎದ್ದುನಿಂತ ಬೆಳೆಗಾರರಿಗೆ ಶಿಲೀಂಧ್ರದ ವಿವರ ಹೇಳಲು ಬರದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಹೊಸ ಔಷಧಿ ಮಾರುವವರು ಸಾಲು ಬಿಟ್ಟು ಹೋಲಿಸಿ ನೋಡಬಲ್ಲ ಅನುಕೂಲವಿದ್ದೂ ‘ಇಂಥವರ ತೋಟದಲ್ಲಿ ಚೆನ್ನಾಗಿ ಬಂತು’ ಎಂದಷ್ಟೇ ಹೇಳಿದರೆ ನಾನು ಅನುಮಾನ ಪಡುತ್ತೇನೆ. ಒಳ್ಳೆಯ ಸಾಕ್ಷಿ ಇದ್ದಿದ್ದರೆ ಅವರ ಕೈಯಲ್ಲಿ ಇರಬೇಕಿತ್ತು, ತೋರಿಸಲೂ ಬೇಕಿತ್ತು.

ಇದನ್ನು ಕಲಿತ ಮಕ್ಕಳು ಮುಂದಿನ ವಾರವೇ ಇದರ ತಿರುವುಮುರುವು ಮಾಡುವುದುಂಟು. ತಮ್ಮ ಕಾರಣ ಬಿದ್ದಾಗ ‘ವಾದ ಬಿದ್ದರೂ ತೀರ್ಮಾನ ಸುಳ್ಳಲ್ಲವಲ್ಲ’ ಎಂದು ಗೆದ್ದವರಂತೆ ಕೂರುತ್ತಾರೆ. ಸುಳ್ಳೆಂದು ಸಾಬೀತಾಗದ್ದು ನಿಜವೆಂದು ಸಾಬೀತಾದಂತಲ್ಲ, ಹೊಣೆ ಇನ್ನೂ ಹೇಳಿದವರ ಮೇಲೆಯೇ ಇದೆ. ಹೀಗಾಗಿ ಕೆಡವುವ ಸರದಿಯವರು ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಸಿಬಿಡುತ್ತೇನೆ: ‘ನೀವು ಕೊಟ್ಟ ಮೂರು ಕಾರಣಗಳಿಂದ ಇದು ಸಿದ್ಧವಾಗುವುದಿಲ್ಲ. ಇದು ಸುಳ್ಳೆಂದು ನಾನು ಹೇಳುತ್ತಿಲ್ಲ. ನಾಲ್ಕನೆಯ ಕಾರಣವಿದ್ದರೆ ಹೇಳಿ, ಕೇಳುತ್ತೇನೆ.’